ಬಿಡಿಸಿ ಬರೀಬೇಕಾ, ಗೆರೆ ಹಾಕ್ಬೇಕಾ, ಕೂಡಿಸ್ಬೇಕಾ? ಇಂಗ್ಲಿಷ್ ಜೋಡಿಪದಗಳನ್ನ ಆರಿಸ್ಕೊಳ್ಳೋದು ಹೇಗೆ

ನಮ್ಮಕ್ಕನ ಮಗಳು ಐಇಎಲ್‌ಟಿಎಸ್‌ಗೆ ಓದ್ತಾ ಇದ್ದಾಳೆ. ಹೋದ ವಾರ ಮನೇಲಿ ಕೂತು ಲಿಸನಿಂಗ್ ಪ್ರಾಕ್ಟೀಸ್ ಟೆಸ್ಟ್ ಬರೆದ್ಲು, ಆಮೇಲೆ ಉತ್ತರ ಸರಿ ನೋಡ್ಕೊಳ್ಳೋವಾಗ ಒಂದು ಕಡೆ ಗಕ್ಕಂತ ನಿಂತ್ಲು. ಕೇಳಿಸ್ಕೊಂಡಿದ್ದು ಸರಿ, ಸ್ಪೆಲಿಂಗೂ ಸರಿ, ಆದ್ರೂ ಉತ್ತರ ತಪ್ಪು. ಪ್ರಶ್ನೆ ಮೇಲೆ ‘ಒಂದೇ ಪದ ಬರೀಬೇಕು’ ಅಂತ ಇತ್ತು, ಇವಳು ನೋಟ್ ಬುಕ್ ಅಂತ ಮಧ್ಯ ಗ್ಯಾಪ್ ಬಿಟ್ಟು ಬರೆದಿದ್ಲು, ಅಲ್ಲಿಗೆ ಅದು ಎರಡು ಪದ ಆಯ್ತು. ಆ ಪರೀಕ್ಷೇಲಿ ಹೈಫನ್ ಇರೋ ಪದ ಒಂದು ಪದ ಅಂತಾನೇ ಲೆಕ್ಕ, ಗ್ಯಾಪ್ ಇದ್ರೆ ಮಾತ್ರ ಎರಡು. “ಚಿಕ್ಕಮ್ಮ, ಐಸ್ ಕ್ರೀಮ್‌ಗೆ ಗ್ಯಾಪ್ ಬೇಕು ಅಂತಾರೆ, ನೋಟ್‌ಬುಕ್‌ಗೆ ಬೇಡ ಅಂತಾರೆ, ಇದನ್ನ ಹೇಗೆ ನೆನಪಿಟ್ಕೊಳ್ಳೋದು, ಒಂದು ರೂಲ್ ಹೇಳು” ಅಂದ್ಲು.

ನಾನು ದಿನಾ ಮಾಡೋ ಕೆಲಸಾನೇ ಇಂಗ್ಲಿಷ್ ಡಾಕ್ಯುಮೆಂಟ್‌ಗಳನ್ನ ತಿದ್ದೋದು, ಆದ್ರೂ ಅವಳಿಗೆ ಒಂದು ಸಾಲಿನ ರೂಲ್ ಹೇಳೋಕೆ ಆಗ್ಲಿಲ್ಲ, ಯಾಕಂದ್ರೆ ಅಂಥ ರೂಲ್ ಇಲ್ಲ. ಆದ್ರೆ ಯಾವ ಪದಕ್ಕೆ ಡಿಕ್ಷನರಿ ತೆಗೀಬೇಕು, ಯಾವ ಪದಕ್ಕೆ ವಾಕ್ಯಾನೇ ನೋಡ್ಬೇಕು ಅನ್ನೋದನ್ನ ಬೇರೆ ಮಾಡ್ಕೊಂಡ್ರೆ ಮುಕ್ಕಾಲು ಪಾಲು ಗೊಂದಲ ಹೋಗತ್ತೆ. ಅವಳಿಗೆ ಅವತ್ತು ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೀತಿದ್ದೀನಿ. ಇಂಗ್ಲಿಷ್ ಪದಗಳನ್ನ ಆದಷ್ಟೂ ಕನ್ನಡ ಲಿಪೀಲೇ ಹಾಕಿದ್ದೀನಿ, ಇಂಗ್ಲಿಷಲ್ಲಿ ಗ್ಯಾಪ್ ಇದ್ರೆ ಇಲ್ಲೂ ಗ್ಯಾಪ್, ಗೆರೆ ಇದ್ರೆ ಗೆರೆ, ಎರಡೂ ಇಲ್ಲ ಅಂದ್ರೆ ಕೂಡಿಸಿ. ಹಾಗೇ ಓದ್ಕೊಳ್ಳಿ.

ಮೂರು ರೂಪ

ಐಸ್ ಕ್ರೀಮ್ ಬಿಡಿ ರೂಪ. ವೆಲ್-ನೋನ್ ಗೆರೆ ರೂಪ. ನೋಟ್‌ಬುಕ್ ಕೂಡು ರೂಪ. ಮೂರೂ ಜೋಡಿಪದಗಳೇ, ಅಂದ್ರೆ ಎರಡು ಪದ ಸೇರಿ ಒಂದು ಅರ್ಥ ಕೊಡ್ತಿವೆ. ಬರವಣಿಗೇಲಿ ಮಾತ್ರ ಬೇರೆ ಬೇರೆ.

ಇದು ನಮಗೆ ಯಾಕೆ ಕಷ್ಟ ಆಗತ್ತೆ ಅಂದ್ರೆ, ಕನ್ನಡದ ಸಮಾಸದಲ್ಲಿ ಎಷ್ಟೋ ಸಲ ಕಿವಿಗೇ ಗೊತ್ತಾಗತ್ತೆ. ಹಿರಿದಾದ ಬಾಗಿಲು ಹೆಬ್ಬಾಗಿಲು ಆಗತ್ತೆ, ಕೆಂಪಾದ ತಾವರೆ ಕೆಂದಾವರೆ ಆಗತ್ತೆ, ತಕಾರ ಹೋಗಿ ದಕಾರ ಬಂದಮೇಲೆ ಅದನ್ನ ಬಿಡಿಸಿ ಬರಿಯೋ ಪ್ರಶ್ನೆನೇ ಬರಲ್ಲ. ಇಂಗ್ಲಿಷಲ್ಲಿ ಪದಗಳು ಸೇರಿದ್ರೂ ಅಕ್ಷರ ಹಾಗೇ ಇರತ್ತೆ. ಒಂದು ಸುಳಿವು ಇದೆ, ಒತ್ತು. ಜೋಡಿಪದ ಆದಾಗ ಸಾಮಾನ್ಯವಾಗಿ ಮೊದಲ ಭಾಗದ ಮೇಲೆ ಒತ್ತು ಬೀಳತ್ತೆ. ಗಿಡ ಬೆಳೆಸೋ ಗ್ರೀನ್‌ಹೌಸ್ ಅನ್ನೋವಾಗ ಗ್ರೀನ್ ಮೇಲೆ ಒತ್ತು, ಹಸಿರು ಬಣ್ಣದ ಮನೆ ಅನ್ನೋವಾಗ ಹೌಸ್ ಮೇಲೂ ಒತ್ತು. ಆದ್ರೆ ಈ ಸುಳಿವು ಅದು ಜೋಡಿಪದವೋ ಅಲ್ವೋ ಅಂತ ಹೇಳತ್ತೆ ಅಷ್ಟೇ, ಕೂಡಿಸಿ ಬರೀಬೇಕಾ ಅಂತ ಹೇಳಲ್ಲ. ಹೈ ಸ್ಕೂಲ್, ಪೋಸ್ಟ್ ಆಫೀಸ್ ಎರಡರಲ್ಲೂ ಒತ್ತು ಮೊದಲ ಪದದ ಮೇಲೇ ಬೀಳತ್ತೆ, ಆದ್ರೂ ಗ್ಯಾಪ್ ಹಾಗೇ ಉಳಿದಿದೆ.

ಒಂದೇ ಕುಟುಂಬದ ಪದಗಳೂ ಒಂದೇ ಥರ ಇರಲ್ಲ. ಬುಕ್‌ಶೆಲ್ಫ್, ಬುಕ್‌ಮಾರ್ಕ್ ಕೂಡಿವೆ, ಬುಕ್ ಕ್ಲಬ್ ಬಿಡಿಯಾಗಿದೆ. ವಾಟರ್‌ಫಾಲ್ ಕೂಡಿದೆ, ವಾಟರ್ ಬಫಲೋ ಅಂದ್ರೆ ನಮ್ಮ ಎಮ್ಮೆ ಬಿಡಿ. ಹಾಗಾಗಿ “ಬುಕ್‌ಶೆಲ್ಫ್ ಹೀಗಿದೆ, ಇದೂ ಹಾಗೇ ಇರಬೇಕು” ಅಂತ ಊಹೆ ಮಾಡ್ಬೇಡಿ, ಬಹಳ ಜನ ತಪ್ಪೋದು ಇಲ್ಲೇ.

ಮೊದಲು ಈ ಎರಡನ್ನ ಬೇರೆ ಮಾಡ್ಕೊಳ್ಳಿ

ಒಂದು ಗುಂಪಿನ ಜೋಡಿಪದಗಳು ಭಾಷೇಲಿ ನೆಲೆ ಕಂಡಿವೆ. ನೋಟ್‌ಬುಕ್, ಐಸ್ ಕ್ರೀಮ್, ಬಸ್ ಸ್ಟಾಪ್, ಇವೆಲ್ಲ ವಸ್ತುವಿನ ಹೆಸರು, ಯಾವ ವಾಕ್ಯದಲ್ಲಿ ಬಂದ್ರೂ ಅದೇ ಹೆಸರು. ಇವುಗಳಿಗೆ ತರ್ಕ ಹುಡುಕೋದು ವ್ಯರ್ಥ, ಡಿಕ್ಷನರಿ ತೆಗೆದು ಹೇಗಿದೆಯೋ ಹಾಗೆ ಬರೀರಿ.

ಇನ್ನೊಂದು ಗುಂಪು ಆ ವಾಕ್ಯಕ್ಕೆ ಅಂತ ಆ ಹೊತ್ತಿಗೆ ಹುಟ್ಟೋದು. ಹತ್ತು ಪುಟದ ರಿಪೋರ್ಟ್ ಅನ್ನೋಕೆ ಟೆನ್-ಪೇಜ್ ರಿಪೋರ್ಟ್ ಅಂತ ಬರೀತೀವಲ್ಲ, ಟೆನ್-ಪೇಜ್ ಅನ್ನೋದನ್ನ ಯಾವ ಡಿಕ್ಷನರೀಲೂ ಹುಡುಕೋ ಅಗತ್ಯ ಇಲ್ಲ, ಸಿಗೋದೂ ಇಲ್ಲ, ನಾಳೆ ಹನ್ನೊಂದು ಪುಟ ಆಗಬಹುದು. ಇಲ್ಲಿ ಗೆರೆ ಬರೋದು ವ್ಯಾಕರಣದಿಂದ, ಎರಡು ಪದ ಸೇರಿ ಮುಂದಿನ ನಾಮಪದಕ್ಕೆ ವಿಶೇಷಣ ಆಗಿವೆ ಅಂತ ಓದೋರಿಗೆ ತೋರಿಸೋಕೆ.

ಡಿಕ್ಷನರಿ ನೋಡಿದ್ರೂ ಬಗೆಹರೀತಿಲ್ಲ ಅಂತ ಒದ್ದಾಡೋರು ಹೆಚ್ಚಾಗಿ ಎರಡನೇ ಗುಂಪಿನ ಪ್ರಶ್ನೆ ಇಟ್ಕೊಂಡು ಮೊದಲನೇ ಗುಂಪಿನ ಉತ್ತರ ಹುಡುಕ್ತಾ ಇರ್ತಾರೆ.

ಡಿಕ್ಷನರಿ ತೀರ್ಮಾನ ಮಾಡೋದು ಹೇಗೆ

ಡಿಕ್ಷನರಿ ಅಂದ್ರೆ ಎಲ್ಲೋ ಕೂತಿರೋ ಪಂಡಿತರ ಸಭೆ, ಅವರು ಸರಿ ಅಂದಿದ್ದೇ ಸರಿ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಇಂಗ್ಲಿಷಿಗೆ ಅಂಥ ಸಭೆ ಇಲ್ಲ. ಡಿಕ್ಷನರಿ ಮಾಡೋರು ಮಾಡೋದು ಎಣಿಕೆ. ಪುಸ್ತಕ, ಪತ್ರಿಕೆ, ವೆಬ್ ಬರಹ ಎಲ್ಲ ಸೇರಿಸಿ ಕಾರ್ಪಸ್ ಅಂತ ದೊಡ್ಡ ಪಠ್ಯಭಂಡಾರ ಇಟ್ಕೊಂಡಿರ್ತಾರೆ, ಅದರಲ್ಲಿ ಒಂದು ಪದ ಮೂರು ರೂಪದಲ್ಲೂ ಎಷ್ಟೆಷ್ಟು ಸಲ ಬಂದಿದೆ, ಎಂಥ ಬರಹದಲ್ಲಿ ಬಂದಿದೆ ಅಂತ ನೋಡ್ತಾರೆ. ಎಡಿಟ್ ಆಗಿ ಅಚ್ಚಾದ ಬರಹಕ್ಕೆ ತೂಕ ಜಾಸ್ತಿ. ನಾಮಪದವಾಗಿ ಬಂದಿದ್ದು, ಕ್ರಿಯಾಪದವಾಗಿ ಬಂದಿದ್ದು ಬೇರೆ ಬೇರೆ ಮಾಡಿ ಎಣಿಸ್ಬೇಕು, ಇಲ್ಲಾಂದ್ರೆ ಲೆಕ್ಕ ಕಲಸಿಹೋಗತ್ತೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ತುಂಬಾ ಇಷ್ಟದ ವಿಷಯ ಇದು. ಹಳೇ ಅಚ್ಚಿನ ಪುಸ್ತಕದಲ್ಲಿ ಸಾಲಿನ ಕೊನೇಲಿ ಜಾಗ ಸಾಲದೆ ನೋಟ್ ಅಂತ ಬರೆದು ಗೆರೆ ಹಾಕಿ, ಕೆಳಗಿನ ಸಾಲಲ್ಲಿ ಬುಕ್ ಅಂತ ಬಂದಿರತ್ತೆ. ಆ ಗೆರೆ ಪದದ್ದಾ, ಸಾಲು ಮುರಿದಿದ್ದಕ್ಕೆ ಬಂದಿದ್ದಾ? ಆ ಒಂದು ಜಾಗ ನೋಡಿ ಯಾರಿಗೂ ಹೇಳೋಕೆ ಆಗಲ್ಲ. ಹಾಗಾಗಿ ಸಾಲಿನ ತುದೀಲಿ ಸಿಕ್ಕ ಗೆರೆ ಸಾಕ್ಷಿ ಆಗಲ್ಲ, ಅದೇ ಲೇಖಕ ಸಾಲಿನ ಮಧ್ಯ ಹೇಗೆ ಬರೆದಿದ್ದಾನೆ ಅಂತ ಹುಡುಕ್ಬೇಕು. ನೀವೇ ಯಾವುದಾದ್ರೂ ಪುಸ್ತಕ ನೋಡಿ “ಇಲ್ಲಿ ಹೈಫನ್ ಹಾಕಿದ್ದಾರೆ” ಅಂತ ವಾದ ಮಾಡೋ ಮುಂಚೆ ಆ ಗೆರೆ ಸಾಲಿನ ತುದೀಲಿ ಇದೆಯಾ ಅಂತ ಒಂದ್ಸಲ ನೋಡ್ಕೊಳ್ಳಿ.

ಎಣಿಕೆ ಬದಲಾದ್ರೆ ಡಿಕ್ಷನರಿ ಬದಲಾಗತ್ತೆ. ಇದಕ್ಕೆ ದೊಡ್ಡ ಉದಾಹರಣೆ 2007ರಲ್ಲಿ ಬಂದ ಶಾರ್ಟರ್ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಆರನೇ ಆವೃತ್ತಿ. ಅದರಲ್ಲಿ ಸುಮಾರು 16,000 ಪದಗಳ ಹೈಫನ್ ತೆಗೆದುಹಾಕಿದ್ರು. ಕಾರಣ ಕೇಳಿದ್ರೆ ಅದೇ, ಇನ್ನೂರು ಕೋಟಿಗೂ ಹೆಚ್ಚು ಪದಗಳ ಕಾರ್ಪಸ್‌ನಲ್ಲಿ ಜನ ಆ ಗೆರೆ ಹಾಕೋದನ್ನ ಬಿಟ್ಟಿರೋದು ಕಾಣಿಸ್ತು. ತೆಗೆದ ಗೆರೆ ಎಲ್ಲ ಒಂದೇ ಕಡೆ ಹೋಗ್ಲಿಲ್ಲ ಅನ್ನೋದು ಗಮನಿಸಬೇಕಾದ್ದು. ಐಸ್-ಕ್ರೀಮ್ ಹೋಗಿ ಐಸ್ ಕ್ರೀಮ್ ಆಯ್ತು, ಟೆಸ್ಟ್-ಟ್ಯೂಬ್ ಹೋಗಿ ಟೆಸ್ಟ್ ಟ್ಯೂಬ್ ಆಯ್ತು, ಅಂದ್ರೆ ಬಿಡಿಯಾದ್ವು. ಬಂಬಲ್-ಬೀ ಹೋಗಿ ಬಂಬಲ್‌ಬೀ, ಚಿಕ್-ಪೀ ಅಂದ್ರೆ ಕಡ್ಲೆ ಕಾಳು ಹೋಗಿ ಚಿಕ್‌ಪೀ, ಇವು ಕೂಡ್ಕೊಂಡ್ವು. ಜೋಡಿಪದಗಳು ಮೊದಲು ಬಿಡಿ, ಆಮೇಲೆ ಗೆರೆ, ಕೊನೆಗೆ ಕೂಡು ಅಂತ ಮೆಟ್ಟಿಲು ಹತ್ತತ್ತೆ ಅಂತ ಒಂದು ಮಾತಿದೆ, ಟು-ಡೇ ಟುಡೇ ಆಗಿದ್ದು, ಬೇಸ್ ಬಾಲ್ ಬೇಸ್‌ಬಾಲ್ ಆಗಿದ್ದು ಹಾಗೇನೇ. ಆದ್ರೆ ಐಸ್ ಕ್ರೀಮ್ ಮೆಟ್ಟಿಲು ಇಳಿದು ಬಂತು. ಹಾಗಾಗಿ ಆ ಮಾತನ್ನ ನಂಬ್ಕೊಂಡು “ಮುಂದೆ ಹೇಗಿದ್ರೂ ಕೂಡತ್ತೆ, ಈಗ್ಲೇ ಕೂಡಿಸಿ ಬರಿಯೋಣ” ಅಂತ ಹೊರಡಬೇಡಿ.

ಡಿಕ್ಷನರಿ, ಸ್ಟೈಲ್ ಗೈಡ್ ಎರಡೂ ಜನರಿಗಿಂತ ಸ್ವಲ್ಪ ಹಿಂದೆ ಇರ್ತವೆ. ಅಮೆರಿಕದ ಪತ್ರಕರ್ತರು ಇಟ್ಕೊಳ್ಳೋ ಎಪಿ ಸ್ಟೈಲ್‌ಬುಕ್ ಇ-ಮೇಲ್ ಅನ್ನೋದನ್ನ ಇಮೇಲ್ ಮಾಡಿದ್ದು 2011ರಲ್ಲಿ, ಪುಸ್ತಕ ಪ್ರಕಾಶಕರು ಇಟ್ಕೊಳ್ಳೋ ಶಿಕಾಗೋ ಮ್ಯಾನ್ಯುಯಲ್ ಆ ಗೆರೆ ತೆಗೆದಿದ್ದು 2017ರಲ್ಲಿ. ಮಧ್ಯದ ಆರು ವರ್ಷ ಇಬ್ಬರ ಪ್ರಕಾರ ಇಬ್ಬರೂ ಸರಿ. ಹಳೇ ಪಠ್ಯದಲ್ಲಿ ಗೆರೆ ಕಂಡ್ರೆ ಅದು ಆ ಕಾಲದ ಸರಿ ಅಂತ ತಿಳ್ಕೊಳ್ಳಿ.

ಎಂಟ್ರಿ ಓದೋದ್ರಲ್ಲಿ ಆಗೋ ತಪ್ಪುಗಳು

ಡಿಕ್ಷನರಿ ನೋಡ್ತೀವಿ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ನೋಡೋದ್ರಲ್ಲೇ ಎಡವ್ತಾರೆ. ನನ್ನ ಜೊತೆ ಕೆಲಸ ಮಾಡೋರ ಹತ್ರ ನಾನು ಪದೇ ಪದೇ ಕಂಡಿರೋದು ಇವು.

ಸರ್ಚ್ ಬಾಕ್ಸಲ್ಲಿ ಗ್ಯಾಪ್ ಬಿಟ್ಟು ಟೈಪ್ ಮಾಡಿದ್ರೂ ಎಷ್ಟೋ ಆನ್‌ಲೈನ್ ಡಿಕ್ಷನರಿಗಳು ಸರಿಯಾದ ಪೇಜ್‌ಗೇ ಕರ್ಕೊಂಡು ಹೋಗ್ತವೆ. ಪೇಜ್ ತೆರೀತು ಅಂದ್ರೆ ನಾನು ಟೈಪ್ ಮಾಡಿದ್ದು ಸರಿ ಅಂತ ಅಲ್ಲ. ಮೇಲೆ ದಪ್ಪ ಅಕ್ಷರದಲ್ಲಿ ಪದ ಹೇಗೆ ಬರೆದಿದ್ದಾರೆ ಅಂತ ನೋಡ್ಬೇಕು, ಅದೇ ಉತ್ತರ.

ಇನ್ನೊಂದು, ಅಮೆರಿಕದ ಮೆರಿಯಂ-ವೆಬ್‌ಸ್ಟರ್ ಡಿಕ್ಷನರೀಲಿ ನೋಟ್‌ಬುಕ್ ತೆಗೆದ್ರೆ ಸ್ಕ್ರೀನ್ ಮೇಲೆ ಹೀಗೆ ಕಾಣತ್ತೆ:

```
notebook
note·book   ˈnōt-ˌbu̇k
```

ಮೇಲಿನ ಸಾಲು ಪದ. ಕೆಳಗಿನ ಸಾಲಿನ ಮಧ್ಯದ ಚುಕ್ಕಿ, ಸಾಲಿನ ಕೊನೇಲಿ ಪದ ಮುರೀಬೇಕಾದ್ರೆ ಎಲ್ಲಿ ಮುರೀಬಹುದು ಅಂತ ತೋರಿಸತ್ತೆ. ಅದರ ಪಕ್ಕದ ಉಚ್ಚಾರಣೆಯಲ್ಲಿರೋ ಗೆರೆ ಅಕ್ಷರಗುಂಪುಗಳನ್ನ ಬಿಡಿಸಿ ತೋರಿಸೋಕೆ ಅಷ್ಟೇ. ಈ ಚುಕ್ಕಿನೋ ಗೆರೆನೋ ನೋಡಿ ನೋಟ್-ಬುಕ್ ಅಂತ ಬರೆದೋರನ್ನ ನಾನು ನೋಡಿದ್ದೀನಿ. ಅದೇ ವೆಲ್-ನೋನ್ ತೆಗೆದ್ರೆ ಮೇಲಿನ ದಪ್ಪ ಪದದಲ್ಲೇ ಗೆರೆ ಇರತ್ತೆ, ಆ ಗೆರೆ ನಿಜವಾದ ಹೈಫನ್.

ಮೂರನೇದು, ಪದದ ಪಕ್ಕ ಇರೋ ನಾಮಪದ, ಕ್ರಿಯಾಪದ ಅನ್ನೋ ಗುರುತು. ಇದನ್ನ ಬಹಳ ಜನ ಓದೋದೇ ಇಲ್ಲ. ಮಂಜಿನ ಮೇಲೆ ಜಾರೋ ಶೂ ಐಸ್ ಸ್ಕೇಟ್, ಬಿಡಿ. ಅದನ್ನ ಹಾಕ್ಕೊಂಡು ಜಾರೋದು ಐಸ್-ಸ್ಕೇಟ್, ಗೆರೆ. ಎರಡೂ ಒಂದೇ ಡಿಕ್ಷನರೀಲಿ ಬೇರೆ ಬೇರೆ ಎಂಟ್ರಿ. ನಮಗೆ ದಿನಾ ಬರೋ ಪದ ಅಂದ್ರೆ ಸೆಟಪ್. ನಾಮಪದ ಆದ್ರೆ ಸೆಟಪ್ ಅಂತ ಕೂಡಿಸಿ, ಕ್ರಿಯಾಪದ ಆದ್ರೆ ಸೆಟ್ ಅಪ್ ಅಂತ ಬಿಡಿಸಿ. ಬ್ಯಾಕಪ್, ವರ್ಕೌಟ್ ಕೂಡ ಹಾಗೇ. ಅನುಮಾನ ಬಂದ್ರೆ ಭೂತಕಾಲಕ್ಕೆ ತಿರುಗಿಸಿ ನೋಡಿ, ಬ್ಯಾಕ್ಡ್ ಅಪ್ ಅಂತ ಮೊದಲ ಪದಕ್ಕೆ ಪ್ರತ್ಯಯ ಬಂತು ಅಂದ್ರೆ ಮಧ್ಯ ಗ್ಯಾಪ್ ಇರಲೇಬೇಕು ಅಂತ ಗೊತ್ತಾಗತ್ತೆ, ಕ್ರಿಯಾಪದದಲ್ಲಿ ಎರಡು ಪದವೂ ಸ್ವತಂತ್ರವಾಗೇ ಇವೆ. ನಾಮಪದ ಆದಾಗ ಕೂಡಿಸ್ಬೇಕಾ ಗೆರೆ ಹಾಕ್ಬೇಕಾ ಅನ್ನೋದಕ್ಕೆ ಮತ್ತೆ ಡಿಕ್ಷನರಿನೇ ಗತಿ, ಯಾಕಂದ್ರೆ ಸೆಟಪ್ ಕೂಡಿದೆ, ಫಾಲೋ-ಅಪ್, ಚೆಕ್-ಇನ್ ಎರಡಕ್ಕೂ ಗೆರೆ ಇನ್ನೂ ಇದೆ.

ಕೆಲವು ಕಡೆ ಎರಡು ರೂಪ ಕೊಟ್ಟಿರ್ತಾರೆ. ಮೆರಿಯಂ-ವೆಬ್‌ಸ್ಟರ್‌ನಲ್ಲಿ ಮಧ್ಯ `or` ಅಂತ ಇದ್ರೆ ಎರಡೂ ಸರಿಸಮ, `also` ಅಂತ ಇದ್ರೆ ಎರಡನೇದು ಕಡಿಮೆ ಬಳಕೇದು. ಸರಿಸಮ ಇದ್ರೂ ನಾನು ಮೊದಲು ಕೊಟ್ಟಿರೋದನ್ನೇ ತಗೋತೀನಿ, ಪುಸ್ತಕದ ಎಡಿಟರ್‌ಗಳು ಬಹಳಷ್ಟು ಜನ ಹಾಗೇ ಮಾಡ್ತಾರೆ, ಇದರಿಂದ ವಾದ ನಿಲ್ಲತ್ತೆ.

ಮತ್ತೆ ಪದ ಸಿಗಲೇ ಇಲ್ಲ ಅಂದ್ರೆ? ಅದೂ ಉತ್ತರಾನೇ. ಕಿಚನ್ ಟೇಬಲ್ ಅಂದ್ರೆ ಅಡುಗೆಮನೆ ಮೇಜು ಅಂತ ಎರಡು ಪದದ ಅರ್ಥ ಗೊತ್ತಿದ್ರೆ ಸಾಕು, ಅಂಥದ್ದನ್ನ ಡಿಕ್ಷನರಿ ಬೇರೆ ಎಂಟ್ರಿ ಮಾಡ್ಬೇಕಾಗಿಲ್ಲ. ಎರಡು ನಾಮಪದ ಸೇರಿದ ಪದ ಡಿಕ್ಷನರೀಲಿ ಇಲ್ಲ ಅಂದ್ರೆ ಬಿಡಿಸಿ ಬರೀರಿ. ಕೂಡಿಸಿ ಬರೆಯೋಕೆ ಸಾಕ್ಷಿ ಬೇಕು, ಬಿಡಿಸಿ ಬರೆಯೋಕೆ ಬೇಡ.

ಯಾವ ಡಿಕ್ಷನರಿ

ಓದೋರು ಅಮೆರಿಕದೋರಾದ್ರೆ ಮೆರಿಯಂ-ವೆಬ್‌ಸ್ಟರ್. ಬ್ರಿಟನ್ನಿನೋರಾದ್ರೆ ಆಕ್ಸ್‌ಫರ್ಡ್ ಅಥವಾ ಕಾಲಿನ್ಸ್. ನಮ್ಮ ಪತ್ರಿಕೆ, ಕೋರ್ಟು, ಸರ್ಕಾರಿ ಕಾಗದ ಎಲ್ಲ ಬ್ರಿಟಿಷ್ ರೂಢಿಲಿ ಬೆಳೆದಿದ್ದು, ಅದಕ್ಕೆ ಇಲ್ಲಿನ ಓದುಗರಿಗೆ ಆಕ್ಸ್‌ಫರ್ಡ್ ಹೊಂದತ್ತೆ. ಅಮೆರಿಕದ ಕ್ಲೈಂಟ್‌ಗೆ ಬೆಂಗಳೂರಲ್ಲಿ ಕೂತು ಬರೆಯೋರು ಮೆರಿಯಂ ಇಟ್ಕೊಳ್ಳಿ. ಒಟ್ಟಾರೆ ಬ್ರಿಟಿಷ್ ಬರಹದಲ್ಲಿ ಗೆರೆ ಸ್ವಲ್ಪ ಜಾಸ್ತಿ, ಅಮೆರಿಕದಲ್ಲಿ ಕೂಡಿಸೋದು ಜಾಸ್ತಿ, ಆದ್ರೆ ಇದನ್ನೂ ರೂಲ್ ಮಾಡ್ಕೋಬೇಡಿ, ಹೆಲ್ತ್ ಕೇರ್ ನೋಡಿ, ಅಮೆರಿಕದಲ್ಲಿ ಬಿಡಿಯಾಗಿ ಬರೆಯೋರು ತುಂಬಾ ಜನ, ಬ್ರಿಟನ್ನಲ್ಲಿ ಕೂಡಿಸೋದೇ ಹೆಚ್ಚು.

ಯಾವುದು ಉತ್ತಮ ಅನ್ನೋದಕ್ಕಿಂತ ಒಂದನ್ನೇ ಹಿಡ್ಕೊಂಡಿರೋದು ಮುಖ್ಯ. ಈ ಪದಕ್ಕೆ ಆಕ್ಸ್‌ಫರ್ಡ್, ಆ ಪದಕ್ಕೆ ಮೆರಿಯಂ ಅಂತ ನನಗೆ ಬೇಕಾದ ಉತ್ತರ ಸಿಗೋವರೆಗೂ ಹುಡುಕಿದ್ರೆ ಮೂರು ಡಿಕ್ಷನರಿ ಇದ್ರೂ ತೀರ್ಮಾನ ಆಗಲ್ಲ. ಮತ್ತೆ ಗೂಗಲ್‌ನಲ್ಲಿ ಎರಡೂ ರೂಪ ಹಾಕಿ ಯಾವುದಕ್ಕೆ ರಿಸಲ್ಟ್ ಜಾಸ್ತಿ ಅಂತ ನೋಡೋ ಅಭ್ಯಾಸ ಇದ್ರೆ ಬಿಟ್ಬಿಡಿ, ಅಲ್ಲಿ ನಾಮಪದ ಕ್ರಿಯಾಪದ ಬೇರೆ ಆಗಿರಲ್ಲ, ಎಡಿಟ್ ಆಗಿದ್ದು ಆಗದೇ ಇದ್ದಿದ್ದು ಬೇರೆ ಆಗಿರಲ್ಲ.

ವೆಲ್-ನೋನ್ ಮತ್ತು ಅದರ ಬಳಗ

ಈಗ ಎರಡನೇ ಗುಂಪು. ವೆಲ್-ನೋನ್ ಡಿಕ್ಷನರೀಲಿ ಇದ್ರೂ ಇದು ಎರಡೂ ಗುಂಪಿನ ಗಡೀಲಿ ನಿಂತಿರೋ ಪದ. ನಾಮಪದದ ಮುಂಚೆ ಬಂದ್ರೆ, ಅಂದ್ರೆ ಹೆಸರುವಾಸಿ ಗಾಯಕ ಅನ್ನೋವಾಗ, ವೆಲ್-ನೋನ್ ಸಿಂಗರ್, ಗೆರೆ ಬೇಕು, ಇದರಲ್ಲಿ ಯಾರಿಗೂ ತಕರಾರಿಲ್ಲ. ಆ ಗಾಯಕ ಹೆಸರುವಾಸಿ ಅಂತ ನಾಮಪದ ಆದ್ಮೇಲೆ ಬಂದ್ರೆ ಶಿಕಾಗೋ ಗೆರೆ ಬೇಡ ಅನ್ನತ್ತೆ, ಡಿಕ್ಷನರೀಲಿ ಗೆರೆ ಇದೆ ಅಂತ ಅಲ್ಲೂ ಗೆರೆ ಇಡೋರೂ ಇದ್ದಾರೆ. ನಾನು ತೆಗೀತೀನಿ, ಯಾಕಂದ್ರೆ ಮುಂದೆ ಇನ್ನೊಂದು ನಾಮಪದ ಇಲ್ಲ, ಓದೋರು ಎಡವೋ ಜಾಗವೇ ಇಲ್ಲ.

ಗೆರೆ ಯಾಕೆ ಬೇಕು ಅಂತ ಒಂದು ವಾಕ್ಯದಲ್ಲೇ ನೋಡಿ:

```
two four-year-old children
two four year-old children
```

ಮೊದಲನೇದು ನಾಲ್ಕು ವರ್ಷದ ಇಬ್ಬರು ಮಕ್ಕಳು, ಸರಿಯಾಗಿದೆ. ಎರಡನೇದರಲ್ಲಿ ಒಂದೇ ಗೆರೆ ಬಿಟ್ಟುಹೋಗಿದೆ, ಈಗ ಒಂದು ವರ್ಷದ ಮಕ್ಕಳು ಅಂತ ಆಯ್ತು, ಅವರು ಇಬ್ಬರೋ ನಾಲ್ವರೋ ಗೊತ್ತಾಗಲ್ಲ. ಎರಡು ಪದಕ್ಕೆ ಗೆರೆ ಹಾಕಿ ಮೂರನೇದನ್ನ ಬಿಡೋದು ತುಂಬಾ ಸಾಮಾನ್ಯ ತಪ್ಪು. ವಿಶೇಷಣ ಎಲ್ಲಿ ಶುರುವಾಗಿ ಎಲ್ಲಿ ಮುಗಿಯತ್ತೋ ಅಷ್ಟಕ್ಕೂ ಗೆರೆ ಬರ್ಬೇಕು. ಮಕ್ಕಳಿಗೆ ನಾಲ್ಕು ವರ್ಷ ಅಂತ ಕೊನೇಲಿ ಹೇಳಿದ್ರೆ, ಫೋರ್ ಇಯರ್ಸ್ ಓಲ್ಡ್, ಒಂದು ಗೆರೆನೂ ಬೇಡ.

ಹಾಗಂತ ಎಲ್ಲ ಕಡೆ ಗೆರೆ ಎಳೆಯೋದೂ ತಪ್ಪು. `-ly` ಇಂದ ಮುಗಿಯೋ ಕ್ರಿಯಾವಿಶೇಷಣ ಬಂದ್ರೆ ಗೆರೆ ಬೇಡ. ಹೈಲಿ ಟ್ರೇನ್ಡ್ ಟೀಮ್ ಸಾಕು, ಯಾಕಂದ್ರೆ ಆ ಪ್ರತ್ಯಯಾನೇ ನಾನು ಮುಂದಿನ ಪದಕ್ಕೆ ಸೇರಿದ್ದು ಅಂತ ಹೇಳ್ತಿರತ್ತೆ. ವೆಲ್ ಅನ್ನೋದಕ್ಕೆ ಅಂಥ ಬಾಲ ಇಲ್ಲ, ಅದಕ್ಕೆ ಗೆರೆ ಬೇಕಾಯ್ತು. ಇನ್ನು ಫ್ಯಾಮಿಲಿ ಅನ್ನೋ ಪದವೂ ಅದೇ ಅಕ್ಷರದಿಂದ ಮುಗಿಯತ್ತೆ ಆದ್ರೆ ಅದು ನಾಮಪದ, ಫ್ಯಾಮಿಲಿ-ಓನ್ಡ್ ಹೋಟೆಲ್ ಅಂದ್ರೆ ಗೆರೆ ಇರ್ಲಿ. ಮತ್ತೆ ಹೈ ಸ್ಕೂಲ್ ಟೀಚರ್ ಥರ ಎಲ್ಲರಿಗೂ ಗೊತ್ತಿರೋ ಬಿಡಿ ಜೋಡಿಪದ ಇನ್ನೊಂದು ನಾಮಪದದ ಮುಂಚೆ ಬಂದ್ರೆ ಹಾಗೇ ಬಿಡಬಹುದು, ಸ್ಕೂಲ್ ಟೀಚರ್ ಎತ್ತರ ಇದ್ದಾರೆ ಅಂತ ಯಾರೂ ಓದ್ಕೊಳ್ಳಲ್ಲ.

ಒಂದು ಪ್ಯಾರಾ ಪೂರ್ತಿ ತಿದ್ದೋಣ

ನ್ಯೂಜೆರ್ಸೀಲಿ ಚಿಕ್ಕ ಬೇಕರಿ ಇಟ್ಟಿರೋ ಫ್ರೆಂಡ್ ಒಬ್ಬಳು ಪ್ಯಾಂಫ್ಲೆಟ್‌ಗೆ ಅಂತ ಬರೆದು ಕಳಿಸಿದ್ದು ಇದು:

```
Our well known bakery near the bus stop sells home made
ice-cream. We setup a book club last year, and our
highly-trained team runs it everyday. Two four year old
children won note books.
```

ಕಂಪ್ಯೂಟರ್ ಇದರಲ್ಲಿ ಕೆಂಪು ಗೆರೆ ಹೆಚ್ಚುಕಮ್ಮಿ ಎಲ್ಲೂ ಎಳೀಲಿಲ್ಲ ಅಂತ ಅವಳು ಧೈರ್ಯವಾಗಿದ್ಲು. ಸ್ಪೆಲ್‌ಚೆಕ್ ಒಂದೊಂದೇ ಪದ ನೋಡತ್ತೆ, ನೋಟ್ ಅನ್ನೋದು ಸರಿಯಾದ ಪದ, ಬುಕ್ ಅನ್ನೋದೂ ಸರಿಯಾದ ಪದ, ಎರಡೂ ಪಾಸು. ಎವ್ರಿಡೇ ಅನ್ನೋದೂ ಡಿಕ್ಷನರೀಲಿ ಇರೋ ಪದಾನೇ, ಬೇರೆ ಕೆಲಸಕ್ಕೆ ಇರೋದು ಅಷ್ಟೇ. ಹಾಗಾಗಿ ಜೋಡಿಪದದ ವಿಷಯದಲ್ಲಿ ಕೆಂಪು ಗೆರೆ ಬಂದಿಲ್ಲ ಅಂದ್ರೆ ಏನೂ ಅರ್ಥ ಇಲ್ಲ.

ಓದೋರು ಅಮೆರಿಕದೋರು, ಮೆರಿಯಂ ತೆಗೆದೆ. ವೆಲ್ ನೋನ್ ಬೇಕರಿ ಅನ್ನೋ ನಾಮಪದದ ಮುಂಚೆ ಇದೆ, ಗೆರೆ ಹಾಕಿದೆ. ಬಸ್ ಸ್ಟಾಪ್ ಬಿಡಿ, ಸರಿಯಾಗೇ ಬರೆದಿದ್ಲು. ಹೋಮ್ ಮೇಡ್ ಮೆರಿಯಂನಲ್ಲಿ ಹೋಮ್‌ಮೇಡ್, ಕೂಡಿಸಿದೆ, ಬ್ರಿಟನ್ನಿಗೆ ಬರೀತಿದ್ರೆ ಇಲ್ಲಿ ಗೆರೆ ಇದ್ರೂ ನಡೀತಿತ್ತು. ಐಸ್-ಕ್ರೀಮ್ ಇಲ್ಲಿ ವಸ್ತುವಿನ ಹೆಸರಾಗಿ ಕೊನೇಲಿ ನಿಂತಿದೆ, ಗೆರೆ ತೆಗೆದೆ. ಸೆಟಪ್ ಇಲ್ಲಿ ಮಾಡಿದ ಕೆಲಸ, ಕ್ರಿಯಾಪದ, ಬಿಡಿಸಿದೆ. ಬುಕ್ ಕ್ಲಬ್ ಸರಿ ಇದೆ. ಹೈಲಿ ಪಕ್ಕದ ಗೆರೆ ಹೋಯ್ತು. ದಿನಾಲೂ ಅನ್ನೋ ಅರ್ಥಕ್ಕೆ ಎವ್ರಿ ಡೇ ಅಂತ ಬಿಡಿಸ್ಬೇಕು, ಕೂಡಿಸಿದ್ರೆ ಮಾಮೂಲಿ ಅನ್ನೋ ವಿಶೇಷಣ ಆಗತ್ತೆ. ನಾಲ್ಕು ವರ್ಷಕ್ಕೆ ಎರಡು ಗೆರೆ, ನೋಟ್‌ಬುಕ್ ಕೂಡಿಸಿದೆ.

```
Our well-known bakery near the bus stop sells homemade
ice cream. We set up a book club last year, and our
highly trained team runs it every day. Two four-year-old
children won notebooks.
```

ನಾಲ್ಕು ಸಾಲಲ್ಲಿ ಎಂಟು ತಿದ್ದುಪಡಿ. ಅದರಲ್ಲಿ ಐದಕ್ಕೆ ಉತ್ತರ ಡಿಕ್ಷನರೀಲಿತ್ತು, ಮೂರಕ್ಕೆ, ಅಂದ್ರೆ ಬೇಕರಿ ಮುಂಚಿನ ಗೆರೆ, ಹೈಲಿ ಪಕ್ಕದ ಗೆರೆ, ನಾಲ್ಕು ವರ್ಷದ ಗೆರೆಗಳು, ಇವಕ್ಕೆ ವಾಕ್ಯಾನೇ ನೋಡ್ಬೇಕಾಯ್ತು.

ಆಮೇಲೆ ಅವಳು ಕೇಳಿದ್ದು ಐಸ್ ಕ್ರೀಮ್ ಕೌಂಟರ್ ಅಂತ ಬೋರ್ಡ್ ಬರೆಸೋವಾಗ ಗೆರೆ ಬೇಕಾ ಅಂತ. ಅಲ್ಲಿ ಐಸ್ ಕ್ರೀಮ್ ಇನ್ನೊಂದು ನಾಮಪದಕ್ಕೆ ವಿಶೇಷಣ ಆಗಿದೆ, ಗೆರೆ ಹಾಕೋರೂ ಇದ್ದಾರೆ, ಹಾಕದೇ ಇರೋರೂ ಇದ್ದಾರೆ, ಅರ್ಥ ಎರಡರಲ್ಲೂ ಕೆಡಲ್ಲ. ಬೇಡ ಅಂದೆ, ಪ್ಯಾಂಫ್ಲೆಟ್‌ನಲ್ಲೂ ಬೋರ್ಡಲ್ಲೂ ಒಂದೇ ಥರ ಕಾಣ್ಲಿ ಅಂತ.

ದೊಡ್ಡ ಡಾಕ್ಯುಮೆಂಟ್ ಆದ್ರೆ

ನೂರು ಪುಟದ ಮ್ಯಾನ್ಯುಯಲ್‌ನಲ್ಲಿ ಪ್ರತಿ ಪದಕ್ಕೂ ಡಿಕ್ಷನರಿ ತೆಗೆಯೋಕೆ ಆಗಲ್ಲ. ನಾನು ಮಾಡೋದು, ಒಂದು ಪಟ್ಟಿ ಇಟ್ಕೊಳ್ಳೋದು. ಅನುಮಾನ ಬಂದ ಪದ, ತೀರ್ಮಾನ ಆದ ರೂಪ, ನಾಮಪದವಾ ಕ್ರಿಯಾಪದವಾ, ಇಷ್ಟೇ ಮೂರು ಕಾಲಂ. ಮೇಲ್ಗಡೆ ಯಾವ ಡಿಕ್ಷನರಿ ಅಂತ ಒಂದು ಸಾಲು. ಟೀಮಲ್ಲಿ ನಾಲ್ಕು ಜನ ಬರೀತಿದ್ರೆ ನಾಲ್ವರ ಹತ್ರಾನೂ ಇದೇ ಪಟ್ಟಿ ಇರ್ಬೇಕು. ಕೊನೇಲಿ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದ್ರೆ ಒಂದು ನಮೂನೆ ಕೊಟ್ಟು ಅದಕ್ಕೆ ಹೊಂದೋದನ್ನೆಲ್ಲ ಹುಡುಕೋ ಸೌಲಭ್ಯ, ಇರೋ ಎಡಿಟರ್ ಸಾಫ್ಟ್‌ವೇರ್‌ನಲ್ಲಿ ಮೂರೂ ರೂಪ ಒಟ್ಟಿಗೇ ಹುಡುಕಬಹುದು:

```
e[- ]?mail
set[- ]?up
```

ಚೌಕದ ಒಳಗೆ ಹೈಫನ್ ಮತ್ತು ಗ್ಯಾಪ್ ಇದೆ, ಪ್ರಶ್ನಾರ್ಥಕ ಚಿಹ್ನೆ ಅಂದ್ರೆ ಅದು ಇದ್ರೂ ಸರಿ ಇಲ್ದಿದ್ರೂ ಸರಿ. ಮೊದಲನೇದಕ್ಕೆ ಎಲ್ಲವನ್ನೂ ಒಂದೇ ಏಟಿಗೆ ಬದಲಾಯಿಸೋಕೆ ಹೋದ್ರೂ ಒಂದ್ಸಲ ಕಣ್ಣಾಡಿಸಿ, `the mailbox` ಅನ್ನೋದ್ರಲ್ಲೂ ಅದು ಕೂತಿರತ್ತೆ, ಬದಲಾಯಿಸಿದ್ರೆ ಎರಡು ಪದ ಅಂಟ್ಕೊಂಡು ಬಿಡ್ತವೆ. ಎರಡನೇದಕ್ಕಂತೂ ಒಟ್ಟಿಗೇ ಬದಲಾಯಿಸೋ ಬಟನ್ ಮುಟ್ಟಲೇಬೇಡಿ, ನಾಮಪದ ಕ್ರಿಯಾಪದ ಎರಡೂ ಅದರಲ್ಲಿ ಬರ್ತವೆ, ಒಂದೊಂದಾಗಿ ವಾಕ್ಯ ಓದಿ ನಿರ್ಧರಿಸ್ಬೇಕು.

ಅಕ್ಕನ ಮಗಳಿಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಬೇಡ, ಪರೀಕ್ಷೇಲಿ ಡಿಕ್ಷನರಿನೂ ಕೊಡಲ್ಲ. ಅವಳಿಗೆ ಅಂತ ಪ್ರಾಕ್ಟೀಸ್ ಟೆಸ್ಟ್‌ಗಳ ಉತ್ತರದ ಪುಟಗಳಿಂದ ಜೋಡಿಪದಗಳನ್ನ ಮಾತ್ರ ಆರಿಸಿ ಬರ್ಕೋ ಅಂದಿದ್ದೀನಿ, ಕೂಡು ಪದಗಳು ಒಂದು ಪುಟ, ಬಿಡಿ ಪದಗಳು ಇನ್ನೊಂದು ಪುಟ. ನಿನ್ನೆ ನೋಡಿದ್ರೆ ಕೂಡು ಪುಟದಲ್ಲಿ ಮೊದಲನೇ ಸಾಲು ನೋಟ್‌ಬುಕ್, ಬಿಡಿ ಪುಟದಲ್ಲಿ ಬಸ್ ಸ್ಟಾಪ್, ಕ್ರೆಡಿಟ್ ಕಾರ್ಡ್, ಕಾರ್ ಪಾರ್ಕ್ ಅಂತ ಬರ್ಕೊಂಡು ಹೋಗಿದ್ದಾಳೆ, ಪಕ್ಕದಲ್ಲಿ ಒಂದೊಂದಕ್ಕೂ ‘2’ ಅಂತ ಕೆಂಪು ಪೆನ್ನಲ್ಲಿ ಗುರುತು ಹಾಕಿದ್ದಾಳೆ.